ಹಗ್ಗದ ಮೇಲೆ ಟಾಗೋರರು

ದೇವಬಾಗದ ಶಾಲೆಯಲ್ಲಿ ಆರನೇ ತರಗತಿಗೆ ಇತಿಹಾಸ ಹೇಳುತ್ತಿದ್ದಾಗಿನ ಮಾತು. ಕಾಲರೇಖೆಯನ್ನು ಹಲಗೆಯ ಮೇಲೆ ಬರೆದರೆ ಮಕ್ಕಳು ಇಸವಿಗಳನ್ನು ಒಂದೇ ಅಂತರದಲ್ಲಿ ಸಾಲಾಗಿ ನಿಲ್ಲಿಸಿಬಿಡುತ್ತಿದ್ದರು. ಅದಕ್ಕೆ ಅಂಗಳದ ಎರಡು ಗಾಳಿಮರಗಳ ನಡುವೆ ಬಲೆಯ ಹಗ್ಗ ಕಟ್ಟಿಸಿದೆ. ವರ್ಷಕ್ಕೆ ಹತ್ತು ಸೆಂಟಿಮೀಟರ್, 1860ರಿಂದ 1890ರವರೆಗೆ ಮೂರು ಮೀಟರ್. ಚೀಟಿಗೆ ಬಟ್ಟೆಯ ಕ್ಲಿಪ್; ಇಲ್ಲವಾದರೆ ಕಡಲ ಗಾಳಿ ಬಿಡಬೇಕಲ್ಲ!

ಪ್ರಶ್ನೆ ಒಂದೇ: ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದದ್ದೇಕೆ? ಕಾಳಿ ನದಿಯಲ್ಲಿ ದೋಣಿ ಹತ್ತಿ ಸದಾಶಿವಗಡ ನೋಡಿಬಂದವರು ಅವರು ಎಂದೊಡನೆ ಮಕ್ಕಳ ಕಿವಿ ನೆಟ್ಟಗಾಯಿತು.

ಮೊದಲು ಅಮೆರಿಕದ ಅಂತರ್ಯುದ್ಧ. ಅದನ್ನು ಒಂದು ಚೀಟಿಯಾಗಿ ಸಿಕ್ಕಿಸಲಿಲ್ಲ. 1861ರಿಂದ 1865ರವರೆಗೆ ನಲವತ್ತು ಸೆಂಟಿಮೀಟರ್ ಕೆಂಪು ಕಾಗದದ ಪಟ್ಟಿ ಇಳಿಬಿಟ್ಟೆವು. ನಡೆದು ಮುಗಿದ ಘಟನೆ ಬೇರೆ, ವರ್ಷಗಟ್ಟಲೆ ನಡೆದದ್ದು ಬೇರೆ ಎಂಬುದು ಕಣ್ಣಿಗೇ ಕಂಡಿತು. ಆ ಪಟ್ಟಿಯ ಒಳಗೇ 1862: ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಕಾರವಾರ ಜಿಲ್ಲಾ ಕೇಂದ್ರವಾದದ್ದು. ಅದಕ್ಕೆ ಅಂಟಿಕೊಂಡಂತೆ 1863: ಟಾಗೋರರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್.ಗೆ ಆಯ್ಕೆಯಾದದ್ದು. ಅಲ್ಲಿಂದ ಎರಡು ಮೀಟರ್ ಹಗ್ಗದಲ್ಲಿ ಬೇರೆ ಚೀಟಿಯಿಲ್ಲ, ಆಮೇಲೆ 1883.

“ಅಕ್ಕೋರೇ, ಇಷ್ಟು ದೂರ ಏನೂ ಆಗಲೇ ಇಲ್ವಾ?” ಎಂದ ಒಬ್ಬ. ಆಗಿದೆ, ನಮ್ಮ ಪ್ರಶ್ನೆಗೆ ಬೇಕಾದ್ದು ಮಾತ್ರ ಇಲ್ಲಿದೆ ಎಂದೆ.

ಕಾರಣ ತೋರಿಸಲು ಬೇರೆ ದಾರ ಕೊಟ್ಟೆ. ಮೊದಲ ಗಂಟೇ ತಪ್ಪು: 1862ರಿಂದ 1863ಕ್ಕೆ. ಪಕ್ಕದಲ್ಲಿವೆ, ಒಂದಾದ ಮೇಲೊಂದು ಆಗಿವೆ, ಅಷ್ಟೇ ಅವರ ಲೆಕ್ಕ. ಆಗ ಒಂದು ಪರೀಕ್ಷೆ ಹೇಳಿದೆ: ಮೊದಲ ಚೀಟಿ ಕಿತ್ತುಬಿಡಿ, ಎರಡನೆಯದು ಆಗುತ್ತಿತ್ತೇ? ಕಾರವಾರ ಜಿಲ್ಲಾ ಕೇಂದ್ರವಾಗದಿದ್ದರೂ ಸತ್ಯೇಂದ್ರನಾಥರು ಪಾಸಾಗುತ್ತಿದ್ದರು. ದಾರ ಬಿಚ್ಚಿದರು. ಆದರೆ ಎರಡರಲ್ಲಿ ಯಾವುದನ್ನು ಕಿತ್ತರೂ 1883 ಬೀಳುತ್ತದೆ. ಜಿಲ್ಲಾ ಕೇಂದ್ರವಿದ್ದದ್ದಕ್ಕೇ ಇಲ್ಲಿ ಜಿಲ್ಲಾ ನ್ಯಾಯಾಧೀಶರ ಹುದ್ದೆ. ಆ ಹುದ್ದೆಯಲ್ಲಿ ಅಣ್ಣನಿದ್ದದ್ದಕ್ಕೇ ತಮ್ಮ ಬಂದದ್ದು. ಎರಡೂ ದಾರ ಬಂದು ಒಂದೇ ಚೀಟಿಗೆ ಕೂಡಿದವು.

ಯುದ್ಧದ ಪಟ್ಟಿಯನ್ನು ಕಿತ್ತಾಗ ಮಾತ್ರ ಗಲಾಟೆಯಾಯಿತು. ಯುದ್ಧದಿಂದ ಅಮೆರಿಕದ ಹತ್ತಿ ನಿಂತು ಲ್ಯಾಂಕಶೈರಿನ ಗಿರಣಿಗಳು ಧಾರವಾಡ ಸೀಮೆಯ ಹತ್ತಿಯತ್ತ ನೋಡಿದವು, ಅದಕ್ಕೆ ಕಾರವಾರ ಬಂದರು ಬೇಕಾಯಿತು, ಬಂದರಿಗಾಗಿ ಜಿಲ್ಲೆ ಮುಂಬಯಿಗೆ ಸೇರಿತು, ನಿಜ. ಆದರೆ ಆ ಹತ್ತಿಯ ಮೇಲೆ ಗಿರಣಿಯವರ ಕಣ್ಣು ಯುದ್ಧಕ್ಕೂ ಮೊದಲೇ ಇತ್ತು. ಯುದ್ಧ ಅವಸರಪಡಿಸಿತು. ಹಾಗಾಗಿ ಯುದ್ಧದಿಂದ 1862ಕ್ಕೆ ಗಂಟಲ್ಲ, ಸಡಿಲ ಕುಣಿಕೆ ಹಾಕೋಣ ಎಂದು ಒಬ್ಬ ಹುಡುಗಿಯೇ ಹೇಳಿದಳು. ಬಲೆ ಹೆಣೆಯುವ ಮನೆಯವಳು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಕೇಳಿದೆ. ಹೆಚ್ಚಿನವರು ‘ಅಣ್ಣ ಇಲ್ಲಿ ಜಡ್ಜ್ ಆಗಿದ್ದರು’ ಎಂದು ಬರೆದರು. ಒಬ್ಬ ‘ಅಮೆರಿಕದಲ್ಲಿ ಯುದ್ಧವಾಯಿತು, ಅದಕ್ಕೆ’ ಎಂದಷ್ಟೇ ಬರೆದು ಪೂರ್ತಿ ಅಂಕಕ್ಕೆ ಜಗಳಕ್ಕೆ ಬಂದ. ಹತ್ತಿ, ಬಂದರು, ಜಿಲ್ಲಾ ಕೇಂದ್ರ ಎಲ್ಲಿ ಹೋದವು ಎಂದು ಕೇಳಿ ಅರ್ಧ ಅಂಕ ಕಳೆದೆ.