ಸೊಪ್ಪು ಎಲ್ಲಿ ಹೋಯಿತು?

ನಮ್ಮದು ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಕಡೆಯ ಹಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಎರಡೂ. ಅರ್ಧ ಎಕರೆ ಹಿಪ್ಪುನೇರಳೆ ಇಟ್ಟುಕೊಂಡು ರೇಷ್ಮೆ ಹುಳು ಮೇಯಿಸುತ್ತೇವೆ. ಗೂಡು ಬಿಡಿಸಿ ಧರ್ಮಪುರಿಯ ಮಾರುಕಟ್ಟೆಗೆ ಹಾಕಿದರೆ ಕೈಗೆ ಕಾಸು. ಇಲ್ಲದಿದ್ದರೆ ಸಾಲ.

ಒಂದು ವರ್ಷ ಬೋರಿನ ನೀರು ಇಳಿದಿತ್ತು. ತೋಟದಲ್ಲಿ ಆರುನೂರೈವತ್ತು ಕಿಲೋ ಸೊಪ್ಪು ಬರಬಹುದೆಂದು ಕಂಡಿತು. ಆದರೂ ನೂರು ಮೊಟ್ಟೆ ತಂದೆ. ನನ್ನ ಲೆಕ್ಕ ಹೀಗಿತ್ತು: ನೂರು ಮೊಟ್ಟೆ ಅಂದರೆ ಸುಮಾರು ನಲವತ್ತು ಸಾವಿರ ಹುಳು. ಚೆನ್ನಾಗಿ ಬೆಳೆದ ಹುಳು ನಾಲ್ಕು ಗ್ರಾಂ ತೂಗುತ್ತದೆ. ಒಟ್ಟು 160 ಕಿಲೋ ಹುಳು. ಅದರ ನಾಲ್ಕು ಪಟ್ಟು ಸೊಪ್ಪು ಹಾಕಿದರೆ ಸಾಲದೆ? ಅವ್ವ ಮಾತ್ರ, "ಬೇಡ ಕಣಪ್ಪ, ಕಡೇ ಜ್ವರ ಎದ್ದ ಹುಳ ತೋಟಾನೇ ತಿಂದೀತು" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಾಕಿ ಮುಗಿಯಿತು, ಮೂರನೇ ಜ್ವರ ಕಳೆಯಿತು, ಸೊಪ್ಪು ಇನ್ನೂ ತುಂಬ ಉಳಿದಿತ್ತು. ನಾನು ಗೆದ್ದೆ ಅಂದುಕೊಂಡೆ. ಹುಳು ಜನ್ಮವಿಡೀ ತಿನ್ನುವುದರಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿದ ಪಾಲನ್ನು ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ ತಿನ್ನುತ್ತದೆ. ಮೋಸ ಇರುವುದು ಅಲ್ಲಿಯೇ. ಐದನೇ ದಿನಕ್ಕೆ ತೋಟ ಬರೀ ಕಡ್ಡಿಯಾಯಿತು. ಹೆಂಡತಿಯ ಸರ ಅಡವಿಟ್ಟು ಪಕ್ಕದ ಊರಿನಿಂದ ಒಂದಷ್ಟು ಸೊಪ್ಪು ಕೊಂಡು ತಂದೆ, ಅದೂ ಸಾಲಲಿಲ್ಲ. ಅರೆಹೊಟ್ಟೆಯ ಹುಳುಗಳನ್ನೇ ಚಂದ್ರಿಕೆಗೆ ಬಿಟ್ಟೆವು. ಗೂಡು ಹಗುರ, ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುವಂಥದು. ಬಂದ ಬೆಲೆಯಲ್ಲಿ ಸರ ಬಿಡಿಸಲಾಗಲಿಲ್ಲ.

ಆಗ ಮಗಳು ಪಾಠ ಓದುತ್ತಿದ್ದಳು. ತಮಿಳು ಪುಸ್ತಕದಲ್ಲಿ 'ಉಣವುಚ್ ಸಂಗಿಲಿ' ಅಂತ ಇತ್ತು, ನಮ್ಮ ಮಾತಲ್ಲಿ ಆಹಾರ ಸರಪಳಿ. ಒಂದು ಗೋಪುರದ ಚಿತ್ರ: ಕೆಳಗೆ ಗಿಡ, ಅದರ ಮೇಲೆ ಗಿಡ ತಿನ್ನುವ ಪ್ರಾಣಿ, ಅದರ ಮೇಲೆ ಅದನ್ನು ತಿನ್ನುವ ಪ್ರಾಣಿ. ಪ್ರತಿ ಮೆಟ್ಟಿಲಿಗೂ ಕೆಳಗಿನ ಶಕ್ತಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಏರುತ್ತದೆ ಎಂದು ಬರೆದಿತ್ತು. "ಅಪ್ಪಾ, ಮಿಕ್ಕ ಒಂಬತ್ತು ಪಾಲು ಎಲ್ಲಿ ಹೋಗುತ್ತೆ?" ಅಂದಳು. ನನಗೂ ಅದೇ ಬೇಕಾಗಿತ್ತು. ನನ್ನ ಸೊಪ್ಪು ಎಲ್ಲಿ ಹೋಯಿತು?

ಮುಂದಿನ ಬೆಳೆಯಲ್ಲಿ ಇಬ್ಬರೂ ತೂಗಿ ನೋಡಿದೆವು. ನಾಲ್ಕನೇ ಜ್ವರ ಎದ್ದ ನೂರು ಹುಳುಗಳನ್ನು ಒಂದು ತಟ್ಟೆಯಲ್ಲಿ ಬೇರೆ ಇಟ್ಟೆವು. ಹಾಕಿದ ಸೊಪ್ಪು, ಉಳಿದ ಸೊಪ್ಪು, ಹಿಕ್ಕೆ, ಎಲ್ಲದರ ತೂಕ ಬರೆದೆವು. ಎರಡನೇ ದಿನವೇ ಮಗಳು ತಪ್ಪು ಹಿಡಿದಳು: "ಉಳಿದ ಸೊಪ್ಪು ಬಾಡಿ ಹಗುರ ಆಗುತ್ತೆ. ಅದನ್ನ ಹುಳ ತಿಂದ ಲೆಕ್ಕಕ್ಕೆ ಸೇರಿಸ್ತಾ ಇದ್ದೀವಿ." ಸರಿಯೇ. ಹಸಿ ಸೊಪ್ಪಿನಲ್ಲಿ ನೂರಕ್ಕೆ 75 ಪಾಲು ನೀರು, ನೀರಿನಲ್ಲಿ ಶಕ್ತಿಯಿಲ್ಲ. ಅಲ್ಲಿಂದ ಎಲ್ಲವನ್ನೂ ತಗಡಿನ ಮೇಲೆ ಗರಿಗರಿಯಾಗಿ ಒಣಗಿಸಿಯೇ ತೂಗಿದೆವು. ಹುಳುವಿನ ಮೊದಲ ತೂಕಕ್ಕೆಂದು ಹತ್ತು ಹುಳು ಬೇರೆ ಒಣಗಿಸಿ ಲೆಕ್ಕ ಹಾಕಿದೆವು.

ಕಡೆಗೆ ಬಂದ ಲೆಕ್ಕ ಇದು. ಹಾಕಿದ ಸೊಪ್ಪಿನ ಒಣ ತೂಕ 520 ಗ್ರಾಂ. ಅದರಲ್ಲಿ ದಂಟು, ನರ, ಬಾಡಿದ್ದು ಎಂದು ತಟ್ಟೆಯಲ್ಲೇ ಉಳಿದದ್ದು 120. ಹುಳು ತಿಂದದ್ದು 400. ಹಿಕ್ಕೆಯಾಗಿ ಬಿದ್ದದ್ದು 240! ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮೈಗೆ ಹತ್ತಲೇ ಇಲ್ಲ, ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬಂತು. ಅರಗಿದ್ದು 160. ಆದರೆ ಗೂಡುಗಳನ್ನು ಒಣಗಿಸಿ, ಹುಳು ರೇಷ್ಮೆ ಎರಡನ್ನೂ ಸೇರಿಸಿ ತೂಗಿದರೆ 75 ಗ್ರಾಂ. ಅದರಲ್ಲೂ 15 ಗ್ರಾಂ ಮೊದಲೇ ಹುಳುವಿನ ಮೈಯಲ್ಲಿದ್ದದ್ದು. ಹೊಸದಾಗಿ ಸೇರಿದ್ದು ಬರೀ 60.

ಹಾಗಾದರೆ ಅರಗಿದ 160ರಲ್ಲಿ ಇನ್ನೊಂದು ನೂರು ಗ್ರಾಂ? ತಟ್ಟೆಯಲ್ಲೂ ಇಲ್ಲ, ಹಿಕ್ಕೆಯಲ್ಲೂ ಇಲ್ಲ. ಹಣ್ಣಾಗುವಾಗ ಹುಳು ಬಿಡುವ ಉಚ್ಚೆಯಲ್ಲಿ ಸ್ವಲ್ಪ ಹೋಗಿರಬಹುದು. ಮಿಕ್ಕದ್ದೆಲ್ಲ ಉಸಿರಾಗಿ ಹೋಯಿತು. ಹುಳು ಅಗಿಯಬೇಕು, ತೆವಳಬೇಕು, ಪೊರೆ ಬಿಡಬೇಕು, ಮೂರು ದಿನ ಬಿಡದೆ ತಲೆಯಾಡಿಸುತ್ತ ನೂಲು ಸುತ್ತಬೇಕು. ಇದಕ್ಕೆಲ್ಲ ತಿಂದದ್ದನ್ನೇ ಒಳಗೆ ಉರಿಸುತ್ತದೆ. ಒಲೆಯಲ್ಲಿ ಸೌದೆ ಹೊಗೆಯಾಗಿ ಶಾಖವಾಗಿ ಹೋಗುವ ಹಾಗೆ ಸೊಪ್ಪೂ ಗಾಳಿಯಾಗಿ ಶಾಖವಾಗಿ ಹೋಗುತ್ತದೆ. ಕಡೇ ಹಂತದಲ್ಲಿ ಹುಳು ಒತ್ತಾಗಿರುವ ಹಾಸಿಗೆಯೊಳಗೆ ಕೈಯಿಟ್ಟರೆ ಬೆಚ್ಚಗಿರುವುದು ಹುಳು ಮೇಯಿಸುವವರಿಗೆಲ್ಲ ಗೊತ್ತು. ಆ ಬಿಸಿಯಲ್ಲಿ ಹಾಸಿಗೆ ಕೊಳೆಯುವುದರ ಪಾಲೂ ಇದೆ, ಹುಳುವಿನ ಉಸಿರಿನ ಪಾಲೂ ಇದೆ.

400ಕ್ಕೆ 60 ಅಂದರೆ ನೂರಕ್ಕೆ 15. ಪುಸ್ತಕದ ಹತ್ತಕ್ಕೂ ನಮ್ಮ ಹದಿನೈದಕ್ಕೂ ಯಾಕೆ ಹೊಂದುವುದಿಲ್ಲ ಅಂತ ಮಗಳು ಕೇಳಿದಳು. ಹತ್ತು ಎನ್ನುವುದು ಒಂದು ಅಂದಾಜು, ಕಟ್ಟಳೆಯಲ್ಲ. ಈ ಲೆಕ್ಕಕ್ಕೆ ದಾರಿ ತೋರಿಸಿದವನು ಅಮೆರಿಕದ ರೇಮಂಡ್ ಲಿಂಡೆಮನ್. ಮಿನೆಸೋಟದ ಒಂದು ಸಣ್ಣ ಕೆರೆಯಲ್ಲಿ ಪಾಚಿಯಿಂದ ಮೀನಿನವರೆಗೆ ಲೆಕ್ಕ ಹಾಕಿದ. ಅವನ ಬರಹ ಅಚ್ಚಾದದ್ದು 1942ರಲ್ಲಿ, ಅದಕ್ಕೆ ಕೆಲವು ತಿಂಗಳ ಮುಂಚೆ 26ನೇ ವಯಸ್ಸಿನಲ್ಲೇ ತೀರಿಕೊಂಡಿದ್ದ. ಅವನಿಗೂ ಎಲ್ಲ ಮೆಟ್ಟಿಲಿಗೆ ಹತ್ತೇ ಬಂದಿರಲಿಲ್ಲ. ಇನ್ನು ನಮ್ಮ ಹುಳುವಿಗೆ ಮೇವು ಬಾಯಿಗೇ ಬರುತ್ತದೆ, ಅಲೆಯಬೇಕಾಗಿಲ್ಲ. ನಮ್ಮ ಹಾಗೆ ಮೈಯನ್ನು ಸದಾ ಬಿಸಿಯಾಗಿಟ್ಟುಕೊಳ್ಳುವ ಖರ್ಚೂ ಇಲ್ಲ. ತಟ್ಟೆಯಲ್ಲಿ ಉಳಿದ ಸೊಪ್ಪು, ಗಿಡದಲ್ಲೇ ಉಳಿದ ಕಡ್ಡಿ ಬೇರು ಸೇರಿಸಿದರೆ ನಮ್ಮ ಹದಿನೈದೂ ಇಳಿಯುತ್ತದೆ.

ಮೇಲಿನ ಮೆಟ್ಟಿಲನ್ನೂ ನೋಡಿ. ನೂಲು ತೆಗೆದ ಮೇಲೆ ಗೂಡಿನೊಳಗಿನ ಹುಳುವನ್ನು ಕೋಳಿಗೆ ಹಾಕುತ್ತಾರೆ. ನೂರು ಗೂಡಿನಿಂದ ಅದು ಒಣಗಿ ಮೂವತ್ತೇಳು ಗ್ರಾಂ ಆದೀತು. ಕೋಳಿ ಓಡಾಡಬೇಕು, ಮೈ ಬಿಸಿಯಾಗಿಟ್ಟುಕೊಳ್ಳಬೇಕು. ಹತ್ತಕ್ಕೊಂದರಂತೆ ಹಿಡಿದರೆ ಅದರ ಮಾಂಸಕ್ಕೆ ಸೇರುವುದು ನಾಲ್ಕು ಗ್ರಾಂ. ಆ ಕೋಳಿಯ ಮರಿಯನ್ನು ಹದ್ದು ಹೊತ್ತುಕೊಂಡು ಹೋದರೆ ಹದ್ದಿನ ಪಾಲಿಗೆ ಅರ್ಧ ಗ್ರಾಮೂ ಇಲ್ಲ. ಶುರುವಾದದ್ದು 400 ಗ್ರಾಂ ಎಲೆಯಿಂದ! ನಮ್ಮೂರಲ್ಲಿ ಲಕ್ಷಾಂತರ ಹುಳು, ನೂರಾರು ಕೋಳಿ ಇದ್ದರೂ ಆಕಾಶದಲ್ಲಿ ಒಂದೋ ಎರಡೋ ಹದ್ದು ಸುತ್ತುವುದು ಯಾಕೆ ಅಂತ ಅಂದು ತಿಳಿಯಿತು. ಹದ್ದನ್ನೇ ತಿಂದು ಬದುಕುವ ಇನ್ನೊಂದು ಪ್ರಾಣಿ ಇಲ್ಲದಿರುವುದಕ್ಕೂ ಇದೇ ಕಾರಣ.

"ಹಿಕ್ಕೆ ತಿಪ್ಪೆಗೆ, ತಿಪ್ಪೆ ತೋಟಕ್ಕೆ. ಏನೂ ಹಾಳಾಗಲ್ವಲ್ಲ" ಅಂದಳು ಅವ್ವ. ಅರ್ಧ ನಿಜ. ಗೊಬ್ಬರದ ಸಾರ ಗಿಡಕ್ಕೆ ವಾಪಸು ಬರುತ್ತದೆ. ಆದರೆ ಶಕ್ತಿ ಬರುವುದಿಲ್ಲ. ತಿಪ್ಪೆ ಕೆದಕಿದರೆ ಕೈ ಸುಡುತ್ತದಲ್ಲ, ಹಿಕ್ಕೆಯಲ್ಲಿ ಉಳಿದಿದ್ದ ಶಕ್ತಿಯನ್ನು ಕಣ್ಣಿಗೆ ಕಾಣದ ಜೀವಿಗಳು ಉಂಡು ಬಿಡುತ್ತಿರುವ ಶಾಖ ಅದು. ಗಾಳಿಗೆ ಹೋದ ಆ ಶಾಖವನ್ನು ಯಾವ ಗಿಡವೂ ಹಿಡಿಯಲಾರದು. ಗಿಡ ಪ್ರತಿ ದಿನ ಸೂರ್ಯನ ಹತ್ತಿರ ಹೊಸದಾಗಿ ಇಸಿದುಕೊಳ್ಳಬೇಕು.

ಈಗ ಮೊಟ್ಟೆ ತರುವ ಮುಂಚೆ ತೋಟದ ನಾಲ್ಕು ಕಡೆ ಹತ್ತು ಗಿಡದ ಸೊಪ್ಪು ಕೊಯ್ದು ತೂಗಿ, ಇಡೀ ತೋಟಕ್ಕೆ ಲೆಕ್ಕ ಹಾಕುತ್ತೇನೆ. ಒಂದು ಹುಳುವಿಗೆ ಹಸಿ ಸೊಪ್ಪು 20 ಗ್ರಾಂ, ನಲವತ್ತು ಸಾವಿರಕ್ಕೆ 800 ಕಿಲೋ, ತಟ್ಟೆಯಲ್ಲಿ ಉಳಿಯುವುದೂ ಸೇರಿ ನೂರು ಮೊಟ್ಟೆಗೆ ಸಾವಿರ ಕಿಲೋ. ಆರುನೂರೈವತ್ತು ಕಿಲೋ ಇದ್ದರೆ ಅರವತ್ತೈದು ಮೊಟ್ಟೆ, ಒಂದೂ ಹೆಚ್ಚಿಲ್ಲ. ಎರಡು ಬೆಳೆ ಹಾಗೆ ಮಾಡಿ ಸರ ಬಿಡಿಸಿಕೊಂಡೆ.

ಸೇಲಂನಲ್ಲಿ ಮಗ್ಗ ಇಟ್ಟಿರುವ ದೇವಾಂಗರ ಸ್ನೇಹಿತರೊಬ್ಬರಿದ್ದಾರೆ, ಅವರ ಮನೆಯಲ್ಲೂ ಕನ್ನಡವೇ. ಬಿಳಿ ರೇಷ್ಮೆ ಪಂಚೆ ತೋರಿಸಿ ಹಗುರ ಎಷ್ಟು ನೋಡಿ ಅಂದರು. ಆ ತಟ್ಟೆಯ ನೂರು ಗೂಡಿನ ರೇಷ್ಮೆ ಸಿಪ್ಪೆ ಮಾತ್ರ ತೂಗಿದಾಗ 38 ಗ್ರಾಂ ಇತ್ತು, ತಿಂದ ಸೊಪ್ಪಿನ ಹತ್ತರಲ್ಲಿ ಒಂದು ಪಾಲೂ ಅಲ್ಲ. ಪಂಚೆಯನ್ನು ಕೈಯಲ್ಲಿ ಹಿಡಿದುಕೊಂಡು, ಇದಕ್ಕೆ ಎಷ್ಟು ಗಿಡ ಬೋಳಾಗಿರಬೇಕು ಅಂತ ಲೆಕ್ಕ ಹಾಕುತ್ತ ನಿಂತೆ.