ಹಣೆಯ ಮೇಲಿನ ನೆರಳು

ಮದುವೆಯ ಮನೆಯವರು ಬಂದು ಬಣ್ಣ ತುಸು ತಿಳಿಯಾಗಲಿ ಎನ್ನುತ್ತಾರೆ. ವರಾನ್ವೇಷಣೆಗೆಂದು ಭಾವಚಿತ್ರ ತೆಗೆಸಿದವರು ಮೊಡವೆಯ ಕಲೆ ಕಾಣದಿರಲಿ ಎನ್ನುತ್ತಾರೆ. ಛಾಯಾಚಿತ್ರಗಳನ್ನು ತಿದ್ದುವ ಕಾಯಕದಲ್ಲಿ ಮೂವತ್ತು ವರ್ಷ ಕಳೆದ ನನಗೆ ಇಂಥ ಬೇಡಿಕೆಗಳು ಹೊಸವಲ್ಲ. ಆದರೆ ಮುಖವನ್ನು ಕೂದಲೆಳೆಯಷ್ಟೂ ಮುಟ್ಟಬಾರದು, ಉಳಿದುದನ್ನೆಲ್ಲ ಬದಲಿಸಬೇಕು ಎಂಬ ಕೆಲಸ ಬಂದದ್ದು 2024ರ ಡಿಸೆಂಬರಿನಲ್ಲಿ. ಆ ಕೆಲಸವು ನೋಡಲು ಸುಲಭವೆನಿಸಿದರೂ ಮಾಡಲು ಹೊರಟಾಗ ಎಷ್ಟು ವಿಚಾರಗಳನ್ನು ಎದುರಿಗಿಟ್ಟಿತೆಂಬುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆನಿಸಿತು.

ನಮ್ಮೂರಿನ ತರುಣರ ಸಂಘದವರು ಜನವರಿಯ ರಸ್ತೆ ಸುರಕ್ಷತಾ ಮಾಸಕ್ಕೆಂದು ಒಂದು ಭಿತ್ತಿಪತ್ರವನ್ನು ಅಚ್ಚು ಹಾಕಿಸಲು ನಿಶ್ಚಯಿಸಿದ್ದರು. ಹಳ್ಳಿಯಿಂದ ಕಾಲೇಜಿಗೆ ದಿನವೂ ಸೈಕಲ್ ತುಳಿದು ಬರುತ್ತಿದ್ದ ಹುಡುಗಿಯೊಬ್ಬಳ ಚಿತ್ರವನ್ನು ನಾನು ನವೆಂಬರಿನ ಒಂದು ಮುಂಜಾನೆ ತೆಗೆದಿದ್ದೆ. ಏರು ದಾರಿಯಲ್ಲಿ ಸೈಕಲ್ ತುಳಿಯುತ್ತಲೇ ನಗುತ್ತಿದ್ದ ಆ ಮುಖವೇ ಭಿತ್ತಿಪತ್ರಕ್ಕೆ ಬೇಕೆಂದು ಅವರ ಹಟ. ಆಕೆಯ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಕೈಗವಸು, ಜಾಕೆಟ್ ಕೂಡ ಇರಲಿಲ್ಲ. ಅವುಗಳನ್ನು ತೊಡಿಸಿ ಹೊಸದಾಗಿ ಚಿತ್ರ ತೆಗೆಯುವುದೇ ಎಲ್ಲಕ್ಕಿಂತ ಒಳ್ಳೆಯ ಮಾರ್ಗವೆಂದು ನಾನು ಮೊದಲಿಗೇ ಹೇಳಿದೆ. ಆದರೆ ಅಷ್ಟರಲ್ಲಿ ಆಕೆ ನರ್ಸಿಂಗ್ ತರಬೇತಿಗೆಂದು ಮಂಗಳೂರಿಗೆ ಹೋಗಿಬಿಟ್ಟಿದ್ದಳು. ಫೋನಿನಲ್ಲಿ ಒಪ್ಪಿಗೆ ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: "ಹಾಕ್ರಿ ಕಾಕಾ. ಆದ್ರ ಹಣಿ ಮ್ಯಾಲಿನ ಕಲೆ ಮಾತ್ರ ತೆಗೀಬ್ಯಾಡ್ರಿ. ಅದು ಇದ್ರನ ನಾ ಆ ಚಿತ್ರದಾಗ ಇದ್ದಂಗ."

ಮೂರು ವರ್ಷಗಳ ಹಿಂದೆ ಸೇತುವೆಯ ಬಳಿ ಮರಳಿನ ಮೇಲೆ ಸೈಕಲ್ ಜಾರಿ ಬಿದ್ದಾಗ ಆದ ಗಾಯ ಅದು. ಎಡಹುಬ್ಬಿನ ಮೇಲೆ ಒಂದು ಬೆರಳಿನ ಅಂತರದಲ್ಲಿ ಆರಂಭವಾಗಿ ಕೂದಲಿನವರೆಗೆ ಏರಿದ ಹೊಲಿಗೆಯ ಕಲೆ. ಹೀಗಾಗಿ ಆ ಮುಖವನ್ನು ಕಾಪಾಡುವುದೆಂದರೆ ಆ ಕಲೆಯನ್ನೂ ಕಾಪಾಡುವುದು ಎಂದಾಯಿತು.

ಮೊದಲ ಕೆಲಸ ಹೆಲ್ಮೆಟನ್ನು ದೊರಕಿಸುವುದು. ಅಲ್ಲಿ ಇಲ್ಲಿ ಸಿಕ್ಕ ಹೆಲ್ಮೆಟ್ಟಿನ ಚಿತ್ರವನ್ನು ಕತ್ತರಿಸಿ ತಲೆಯ ಮೇಲೆ ಇಟ್ಟರೆ ಅದು ಎಂದಿಗೂ ಕೂಡುವುದಿಲ್ಲ. ಬೆಳಕು ಒಂದು ದಿಕ್ಕಿನದು, ನೋಟ ಇನ್ನೊಂದು ಎತ್ತರದ್ದು ಆಗಿರುತ್ತದೆ. ಎಷ್ಟೋ ಭಿತ್ತಿಪತ್ರಗಳಲ್ಲಿ ಸೈಕಲ್ ಸವಾರನಿಗೆ ಮೋಟಾರ್ ಬೈಕಿನ ಹೆಲ್ಮೆಟ್ ತೊಡಿಸಿರುವುದನ್ನೂ ಕಂಡಿದ್ದೇನೆ. ಸೈಕಲ್ಲಿನ ಹೆಲ್ಮೆಟ್ ಹಗುರವಾದುದು, ಗಾಳಿಯಾಡಲು ಸೀಳುಗಳುಳ್ಳದ್ದು, ಮುಖವನ್ನು ತೆರೆದಿಡುವಂಥದು. ಅಂಥದೊಂದನ್ನು ಆಟದ ಸಾಮಾನಿನ ಅಂಗಡಿಯಿಂದ ಎರವಲು ತಂದು, ಹೆಚ್ಚುಕಡಿಮೆ ಅದೇ ವಯಸ್ಸಿನ ನನ್ನ ತಂಗಿಯ ಮಗಳಿಗೆ ತೊಡಿಸಿದೆ. ಅದೇ ಏರು ದಾರಿಗೆ, ಅದೇ ಮುಂಜಾನೆಯ ವೇಳೆಗೆ ಹೋದೆವು. ಮೂಲ ಚಿತ್ರದ ಕಡತದಲ್ಲಿಯೇ ವೇಳೆಯೂ ಲೆನ್ಸಿನ ಅಳತೆಯೂ ದಾಖಲಾಗಿದ್ದವು. ಅದೇ ಲೆನ್ಸ್, ಅಷ್ಟೇ ದೂರ, ಅಷ್ಟೇ ಎತ್ತರ. ಆಕೆಗೂ ಮುಖವನ್ನು ಅಷ್ಟೇ ಬಲಕ್ಕೆ ತಿರುಗಿಸಿ, ತುಸು ಬಾಗಿಸಿ ಕೂಡಲು ಹೇಳಿದೆ.

ಹೀಗೆ ಮಾಡಿದ್ದರಿಂದ ಅಳತೆಯ ಸಮಸ್ಯೆಯೂ ಬಗೆಹರಿಯಿತು. ಹೊಸಬರು ಹೆಲ್ಮೆಟನ್ನು ತಲೆಯ ಗಾತ್ರಕ್ಕೆ ಕುಗ್ಗಿಸಿ ಕೂಡಿಸುತ್ತಾರೆ. ಆದರೆ ಒಳಗಿನ ಥರ್ಮಾಕೋಲಿನಂಥ ಪದರವೇ ಸುಮಾರು ಎರಡು ಬೆರಳು ದಪ್ಪವಿರುವುದರಿಂದ ಹೆಲ್ಮೆಟ್ ತಲೆಗಿಂತ ಸುತ್ತಲೂ ಅಷ್ಟು ಹೊರಗೆ ಬರಲೇಬೇಕು. ಕುಗ್ಗಿಸಿದಾಗ ಮುಖವನ್ನು ಮುಟ್ಟದಿದ್ದರೂ ಮುಖ ದೊಡ್ಡದಾಗಿ, ಊದಿಕೊಂಡಂತೆ ತೋರುತ್ತದೆ. ನಾನು ಎರಡೂ ಚಿತ್ರಗಳಲ್ಲಿ ಒಂದು ಕಣ್ಣಿನ ಪಾಪೆಯಿಂದ ಇನ್ನೊಂದು ಪಾಪೆಯ ಅಂತರವನ್ನು ಅಳೆದು, ಎರಡನೆಯ ಚಿತ್ರವನ್ನು ಇಡಿಯಾಗಿ ಆ ಅಳತೆಗೆ ತಂದೆ. ಕಣ್ಣು ಕಣ್ಣಿಗೆ ಕೂಡಿದಾಗ ಹೆಲ್ಮೆಟ್ ತನ್ನ ಸಹಜ ಗಾತ್ರದಲ್ಲಿ ತಾನೇ ಬಂದು ಕುಳಿತಿತು. ಆಮೇಲೆ ತಂಗಿಯ ಮಗಳ ಮುಖವನ್ನೆಲ್ಲ ಮರೆಮಾಡಿ ಹೆಲ್ಮೆಟನ್ನೂ ಅದರ ಪಟ್ಟಿಗಳನ್ನೂ ಮಾತ್ರ ಉಳಿಸಿಕೊಂಡೆ. ಮೂಲ ಚಿತ್ರವು ಎಲ್ಲಕ್ಕೂ ಕೆಳಗಿನ ಪದರದಲ್ಲಿ ಬೀಗ ಹಾಕಿದಂತೆ ಇತ್ತು. ಸೇರಿಸಿದ್ದೆಲ್ಲವೂ ಮೇಲಿನ ಬೇರೆ ಬೇರೆ ಪದರಗಳಲ್ಲಿ.

ಇಲ್ಲಿಯೇ ಚರ್ಚೆ ಹುಟ್ಟಿತು. ಸೈಕಲ್ ಹೆಲ್ಮೆಟ್ ಹುಬ್ಬಿನಿಂದ ಸುಮಾರು ಎರಡು ಬೆರಳಿನಷ್ಟು ಮಾತ್ರ ಮೇಲೆ, ಮಟ್ಟವಾಗಿ ಕೂಡಬೇಕು. ಹಾಗೆ ಕೂಡಿಸಿದಾಗ ಕಲೆಯ ಮೇಲಿನ ಭಾಗ ಮುಚ್ಚಿಹೋಗಿ, ಕೆಳಗಿನ ಒಂದು ಬೆರಳಿನಷ್ಟು ಮಾತ್ರ ಉಳಿಯಿತು. ಹೆಲ್ಮೆಟನ್ನು ತುಸು ಹಿಂದಕ್ಕೆ ಸರಿಸಿದರೆ ಕಲೆ ಪೂರ್ತಿ ಕಾಣುತ್ತದೆಂದು ಸಂಘದವರೊಬ್ಬರು ಸೂಚಿಸಿದರು. ಕಲೆಯನ್ನೇ ತುಸು ಕೆಳಗೆ ಇಳಿಸಬಹುದಲ್ಲ ಎಂದರು ಇನ್ನೊಬ್ಬರು. ಎರಡನ್ನೂ ನಾನು ಒಪ್ಪಲಿಲ್ಲ. ಹಿಂದಕ್ಕೆ ಸರಿದ ಹೆಲ್ಮೆಟ್ ಹಣೆಯನ್ನು ಬಯಲಿಗೆ ಬಿಡುತ್ತದೆ. ಆ ಹುಡುಗಿಗೆ ಪೆಟ್ಟು ಬಿದ್ದದ್ದೇ ಅಲ್ಲಿ. ಅಂಥ ಚಿತ್ರವನ್ನು ನೋಡಿ ಮಕ್ಕಳು ಹೆಲ್ಮೆಟನ್ನು ಹಾಗೆಯೇ ತೊಟ್ಟರೆ ಭಿತ್ತಿಪತ್ರವೇ ತಪ್ಪನ್ನು ಕಲಿಸಿದಂತೆ. ಕಲೆಯನ್ನು ಕೆಳಗೆ ಇಳಿಸುವುದಂತೂ ಮುಖಕ್ಕೆ ಇಲ್ಲದ ಗಾಯವನ್ನು ಬರೆದಂತೆ. ಹೆಲ್ಮೆಟ್ ತಾನಿರಬೇಕಾದ ಸ್ಥಳದಲ್ಲಿರಲಿ, ಕಲೆ ಕಂಡಷ್ಟು ಕಾಣಲಿ ಎಂದು ನಿರ್ಧರಿಸಿದೆವು. ಹುಡುಗಿಗೆ ತಿಳಿಸಿದಾಗ ಅವಳೂ ಒಪ್ಪಿದಳು.

ಇಷ್ಟಾದರೂ ಚಿತ್ರ ನಂಬುವಂತಿರಲಿಲ್ಲ. ಹೆಲ್ಮೆಟ್ ಹಣೆಯ ಮುಂದೆ ತೇಲುವಂತೆ ಕಾಣುತ್ತಿತ್ತು. ಕಾರಣ ಸರಳ: ಬಿಸಿಲಿನಲ್ಲಿ ಹೆಲ್ಮೆಟ್ ತೊಟ್ಟವರ ಹಣೆಯ ಮೇಲೆ ಅದರ ಅಂಚಿನ ನೆರಳು ಬೀಳುತ್ತದೆ, ಇಲ್ಲಿ ಬಿದ್ದಿರಲಿಲ್ಲ. ಮುಖವನ್ನು ಮುಟ್ಟಬಾರದೆಂಬ ನಿಯಮವನ್ನು ಅಕ್ಷರಶಃ ಪಾಲಿಸಿದರೆ ನೆರಳು ಹಾಕುವಂತಿಲ್ಲ. ನೆರಳು ಹಾಕದಿದ್ದರೆ ಚಿತ್ರ ಸುಳ್ಳೆಂದು ಮಗುವಿಗೂ ತಿಳಿಯುತ್ತದೆ. ನಾನು ಬಹಳ ಹೊತ್ತು ಯೋಚಿಸಿದೆ. ನೆರಳು ಮುಖದ ಮೇಲೆ ಬೀಳುವಂಥದೇ ಹೊರತು ಮುಖದ ಭಾಗವಲ್ಲ. ಮರದ ಕೆಳಗೆ ನಿಂತವನ ಮುಖ ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಕಣ್ಣು, ಮೂಗು, ತುಟಿ, ಗಲ್ಲಗಳ ಆಕಾರವನ್ನೂ ಚರ್ಮದ ಗೆರೆಗಳನ್ನೂ ಅದು ಕದಲಿಸದಿದ್ದರೆ ಸಾಕು.

ಆದ್ದರಿಂದ ನೆರಳಿಗೇ ಒಂದು ಪ್ರತ್ಯೇಕ ಪದರವನ್ನು ಮಾಡಿ, ಅದನ್ನು Multiply ಎಂಬ ಕ್ರಮದಲ್ಲಿಟ್ಟೆ. ಈ ಕ್ರಮದಲ್ಲಿ ಮೇಲಿನ ಬಣ್ಣವು ಕೆಳಗಿನ ಚರ್ಮವನ್ನು ಮುಚ್ಚದೆ ಅದನ್ನು ಕಂದಿಸುತ್ತದೆ ಅಷ್ಟೆ. ರೋಮರಂಧ್ರ, ಸುಕ್ಕು, ಕಲೆ ಎಲ್ಲವೂ ಅದರೊಳಗಿಂದ ಕಾಣುತ್ತವೆ. ಬಣ್ಣ ಮಾತ್ರ ಕಪ್ಪಾಗಿರಬಾರದು. ಕಪ್ಪು ನೆರಳು ಚರ್ಮವನ್ನು ಬೂದಿ ಬಳಿದಂತೆ ಮಾಡುತ್ತದೆ. ಕೆಂಪು ಬೆರೆತ ಕಂದು ಬಣ್ಣವನ್ನು ಆರಿಸಿಕೊಂಡೆ. ಅಂಚಿನ ಕೆಳಗೆ ದಟ್ಟ, ಕೆಳಗಿಳಿದಂತೆ ಮೆದು. ಅಗಲ ಒಂದು ಬೆರಳಿಗಿಂತ ಕಡಿಮೆ. ಎಷ್ಟು ದಟ್ಟವೆಂಬುದಕ್ಕೆ ತಂಗಿಯ ಮಗಳ ಚಿತ್ರವೇ ಮಾದರಿ. ಕಿವಿಯ ಕೆಳಗೆ ಇಂಗ್ಲಿಷಿನ ವಿ ಅಕ್ಷರದಂತೆ ಕೂಡಿ ಗದ್ದದ ಕೆಳಗೆ ಸೇರುವ ಪಟ್ಟಿಗಳಿಗೂ ಗಲ್ಲದ ಮೇಲೆ ನೂಲಿನಂಥ ನೆರಳು ಬೇಕಾಯಿತು.

ಕೈಗವಸುಗಳನ್ನೂ ಜಾಕೆಟನ್ನೂ ಇದೇ ಕ್ರಮದಲ್ಲಿ ತಂಗಿಯ ಮಗಳಿಂದಲೇ ಪಡೆದೆ. ಬೆರಳ ತುದಿ ತೆರೆದ ಅರ್ಧ ಕೈಗವಸನ್ನೇ ಆರಿಸಿದ್ದರಿಂದ ಬ್ರೇಕಿನ ಮೇಲಿನ ಬೆರಳ ತುದಿಗಳು ಆ ಹುಡುಗಿಯವೇ ಉಳಿದವು. ಜಾಕೆಟ್ ಕಡುಹಳದಿಯದು, ಬೆಳಕನ್ನು ಹಿಂದಿರುಗಿಸುವ ಪಟ್ಟಿಗಳುಳ್ಳದ್ದು. ಆ ಪಟ್ಟಿಗಳು ಬೆಳ್ಳಗೆ ಹೊಳೆಯಲಿ ಎಂದು ಸಂಘದವರ ಆಸೆ. ಆದರೆ ಅವು ಹೊಳೆಯುವುದು ರಾತ್ರಿ, ವಾಹನದ ದೀಪದ ಬೆಳಕು ಬಿದ್ದು ಅದು ಬಂದ ದಿಕ್ಕಿಗೇ ಮರಳಿದಾಗ. ಮುಂಜಾನೆಯ ಬಿಸಿಲಿನಲ್ಲಿ ಅವು ಬರಿಯ ಬೂದುಬಣ್ಣ. ಬೂದುಬಣ್ಣವನ್ನೇ ಉಳಿಸಿದೆ.

ಎಲ್ಲ ಮುಗಿದ ಮೇಲೆ, ಮುಖ ನಿಜವಾಗಿಯೂ ಬದಲಾಗಿಲ್ಲವೆಂದು ತಿಳಿಯುವುದು ಹೇಗೆ? ಕಣ್ಣನ್ನು ನಂಬಲಾಗದು, ದಿನವೆಲ್ಲ ನೋಡಿದ ಕಣ್ಣು ಎಲ್ಲವನ್ನೂ ಒಪ್ಪುತ್ತದೆ. ಅದಕ್ಕೊಂದು ಪರೀಕ್ಷೆಯುಂಟು. ಮುಗಿದ ಚಿತ್ರದ ಮೇಲೆ ಮೂಲ ಚಿತ್ರವನ್ನಿಟ್ಟು ಆ ಪದರವನ್ನು Difference ಕ್ರಮಕ್ಕೆ ತಿರುಗಿಸಬೇಕು. ಎರಡೂ ಒಂದೇ ಇರುವಲ್ಲಿ ಅಚ್ಚ ಕಪ್ಪು ಕಾಣುತ್ತದೆ; ಬೇರೆಯಾದಲ್ಲಿ ಬೆಳಕು ಮೂಡುತ್ತದೆ. ಹೊಳಪನ್ನು ಹೆಚ್ಚಿಸಿ ನೋಡಿದರೆ ಅತಿ ಸಣ್ಣ ವ್ಯತ್ಯಾಸವೂ ಬಯಲಾಗುತ್ತದೆ. ನನ್ನ ಪರದೆಯ ಮೇಲೆ ಹೆಲ್ಮೆಟ್, ಜಾಕೆಟ್, ಕೈಗವಸುಗಳು ಬೆಳಗಿದವು. ಹಣೆಯ ಮೇಲೆ ನೆರಳಿನ ತೆಳುಗೆರೆಯೂ ಗಲ್ಲದ ಪಕ್ಕ ಪಟ್ಟಿಗಳೂ ಕಂಡವು. ಹುಬ್ಬು, ಕಣ್ಣು, ಮೂಗು, ನಗು ಇವೆಲ್ಲ ಕತ್ತಲೆಯಲ್ಲಿಯೇ ಉಳಿದಿದ್ದವು. ಆ ಕತ್ತಲೆಯನ್ನು ಕಂಡು ನನಗಾದ ಸಮಾಧಾನ ಸಣ್ಣದಲ್ಲ.

ಮುಖ ಕೆಡುವ ಇನ್ನೊಂದು ಸ್ಥಳ ಅಚ್ಚುಕೂಟ. ಜಾಕೆಟಿನ ಆ ಪ್ರಖರ ಹಳದಿಯು ಮುದ್ರಣದ ನಾಲ್ಕು ಶಾಯಿಗಳಿಂದ ಬರಲಾರದು, ಮಂಕಾಗಿಯೇ ಬರುತ್ತದೆ. ಅದನ್ನು ಏರಿಸಲೆಂದು ಇಡೀ ಚಿತ್ರದ ಹಳದಿಯನ್ನು ಹೆಚ್ಚಿಸಿದರೆ ಮುಖಕ್ಕೆ ಕಾಮಾಲೆ ಬಂದಂತಾಗುತ್ತದೆ. ಹಾಗಾಗಿ ಹಳದಿಯನ್ನು ಜಾಕೆಟಿನ ಪದರದಲ್ಲಿ ಮಾತ್ರ ತಿದ್ದಿ, ಮೊದಲು ಒಂದೇ ಪ್ರತಿಯನ್ನು ತೆಗೆಸಿ, ಮೂಲ ಭಾವಚಿತ್ರದ ಪಕ್ಕದಲ್ಲಿಟ್ಟು ಹಗಲ ಬೆಳಕಿನಲ್ಲಿ ನೋಡಿದೆ.

ಆ ಪ್ರತಿಯನ್ನು ಹುಡುಗಿಯ ತಾಯಿಗೆ ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿ, "ನನ್ನ ಮಗಳs ಇದು, ಆದ್ರ ಒಮ್ಮಿಗೇ ಗುರುತು ಹತ್ತಲಿಲ್ಲ ನೋಡ್ರಿ" ಎಂದರು. ಆ ಮಾತು ನಿಜ. ನಾವು ಒಬ್ಬರನ್ನು ಗುರುತಿಸುವುದು ಕಣ್ಣು ಮೂಗುಗಳಿಂದಷ್ಟೇ ಅಲ್ಲ, ಹಣೆಯ ಮೇಲೆ ಕೂದಲು ಆರಂಭವಾಗುವ ಗೆರೆಯಿಂದಲೂ ಹೌದು. ಹೆಲ್ಮೆಟ್ ಅದನ್ನು ಮುಚ್ಚಿತ್ತು. ಯಾವ ಕೈಚಳಕವೂ ಇದನ್ನು ತಪ್ಪಿಸಲಾರದು. ನಿಜವಾಗಿ ಹೆಲ್ಮೆಟ್ ತೊಟ್ಟು ಬಂದರೂ ಆ ತಾಯಿಗೆ ಹಾಗೆಯೇ ಅನ್ನಿಸುತ್ತಿತ್ತು. ಆಮೇಲೆ ಆಕೆಯ ಬೆರಳು ಹುಬ್ಬಿನ ಮೇಲಿನ ನೆರಳಿನಲ್ಲಿದ್ದ ಕಲೆಯ ಮೇಲೆ ನಿಂತಿತು. "ಇದು ಐತಲ್ಲ, ಸಾಕು" ಎಂದರು.

ಭಿತ್ತಿಪತ್ರದ ಕೆಳಅಂಚಿನಲ್ಲಿ ಒಂದು ಸಾಲನ್ನು ಸೇರಿಸಲು ಸಂಘದವರನ್ನು ಒಪ್ಪಿಸಿದೆ: ಹೆಲ್ಮೆಟ್, ಕೈಗವಸು, ಜಾಕೆಟುಗಳನ್ನು ಚಿತ್ರಕ್ಕೆ ಆಮೇಲೆ ಸೇರಿಸಲಾಗಿದೆ. ಆ ಹುಡುಗಿ ಅಂದು ಹೆಲ್ಮೆಟ್ ತೊಟ್ಟಿರಲಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದವರ ಮುಂದೆ ಅದನ್ನು ಮುಚ್ಚಿಡುವುದಕ್ಕಿಂತ ಹೇಳುವುದೇ ಆ ಮುಖಕ್ಕೆ ಶೋಭೆಯೆಂದು ನನಗೆ ತೋರಿತು.