ಕೀಟಲೆಯೊಳಗಿನ ಕರೆ

ಕನ್ನಡದಲ್ಲಿ ಆಪ್ತರನ್ನು ಚುಚ್ಚಬೇಕಾದರೆ ಬೈಗುಳ ಬೇಕಿಲ್ಲ, ಬಹುವಚನವೊಂದೇ ಸಾಕು. ಮೂವತ್ತು ವರ್ಷ ನಿಮ್ಮನ್ನು ಏಕವಚನದಲ್ಲಿ ಕರೆದ ಗೆಳೆಯ ಒಂದು ದಿನ ಇದ್ದಕ್ಕಿದ್ದಂತೆ ‘ತಾವು ದಯಮಾಡಿಸಬೇಕು’ ಎಂದನೆಂದರೆ, ಎಲ್ಲೋ ಏನೋ ಬಾಕಿ ಉಳಿದಿದೆ ಎಂದು ತಿಳಿಯಬೇಕು. ಈ ಸೂಕ್ಷ್ಮವು ನಮ್ಮ ಕಿವಿಗೆ ಕೂಡಲೇ ತಾಗುತ್ತದೆ. ಆದರೆ ಅದನ್ನು ಕನ್ನಡ ಬಾರದವರಿಗೆ ಇಂಗ್ಲಿಷಿನಲ್ಲಿ ತಿಳಿಸಹೊರಟಾಗ ಕಷ್ಟ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ನೀನು, ನೀವು, ತಾವು ಎಲ್ಲಕ್ಕೂ ‘ಯು’ ಎಂಬ ಒಂದೇ ಪದ.

ಶಿಕಾರಿಪುರದಲ್ಲಿ ನನ್ನೊಂದಿಗೆ ಸೇವೆ ಸಲ್ಲಿಸುತ್ತಿರುವ ಕಿರಿಯ ಗುರುಗಳು ಜಾರ್ಖಂಡಿನವರು. ಕನ್ನಡದ ಅಕ್ಷರಗಳನ್ನು ಈಗತಾನೇ ಕಲಿಯುತ್ತಿದ್ದಾರೆ. ನಮ್ಮಿಬ್ಬರ ವಾರದ ಕಾರ್ಯಕ್ರಮವನ್ನು ಹೊಂದಿಸುವವರೂ, ಜೀಪು ಓಡಿಸುವವರೂ ಅವರೇ. ಹೈಸ್ಕೂಲಿನಿಂದಲೂ ನನ್ನ ಗೆಳೆಯನಾಗಿರುವ ಸೊರಬದ ಕಡೆಯ ಒಬ್ಬ ಅಡಿಕೆ ಕೃಷಿಕನ ಮನೆಗೆ ಹೋಗಬೇಕಾದದ್ದು ಸಭೆಗಳ ನಿಮಿತ್ತ ಮೂರು ವಾರ ಮುಂದೆ ಹೋಗಿತ್ತು. ಆಗ ಅವನಿಂದ ವಾಟ್ಸಾಪಿನಲ್ಲಿ ಈ ಸಂದೇಶ ಬಂತು:

“ಪೂಜ್ಯರ ಪಾದಗಳಿಗೆ ಸಾಷ್ಟಾಂಗ ನಮಸ್ಕಾರ. ತಾವು ಶಿಕಾರಿಪುರದಿಂದ ಸೊರಬಕ್ಕೆ ದಯಮಾಡಿಸಲು ವೀಸಾ ಇನ್ನೂ ಸಿಕ್ಕಿಲ್ಲ ಅಂತ ಕಾಣುತ್ತೆ. ಈ ವಾರವೂ ಮೀಟಿಂಗಂತೆ. ಪಾಪ! ನಿಮ್ಮ ಹೊಸ ಸಾಹೇಬರನ್ನೂ ಕರ್ಕೊಂಡು ಬನ್ನಿ, ನಮ್ಮನೆ ಅಪ್ಪೆಹುಳಿ ಕುಡಿದು ಓಡಿಹೋಗದಿದ್ದರೆ ಸಾಕು. ಅಮ್ಮ ದಿನಾ ಕೇಳ್ತಾಳೆ, ಆ ಫಾದರ್ ಹುಡುಗ ಇನ್ನೂ ಬದುಕಿದಾನಾ ಅಂತ. ಬರ್ತೀಯೋ ಇಲ್ವೋ ಮಾರಾಯ?”

ಕೊನೆಯಲ್ಲಿ ಕೈಮುಗಿದ ಚಿತ್ರಗಳು ಐದಾರು ಇದ್ದವು. ಆಹ್ವಾನ ಇಬ್ಬರಿಗೂ ಇದ್ದುದರಿಂದ ಅದನ್ನು ಅವರಿಗೆ ತಿಳಿಸುವುದು ನನ್ನ ಕೆಲಸವಾಯಿತು.

ಇಂಥ ಸಂದೇಶವನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಆಗುವುದೇನು? ‘ಪೂಜ್ಯರು’ ಎಂಬುದು ‘ರೆವರೆಂಡ್ ಫಾದರ್’ ಆಗುತ್ತದೆ. ಆದರೆ ಗುರುಗಳನ್ನು ಇಂಗ್ಲಿಷಿನಲ್ಲಿ ದಿನನಿತ್ಯವೂ ಹಾಗೆಯೇ ಕರೆಯುವುದರಿಂದ, ಕನ್ನಡದಲ್ಲಿ ಕೀಟಲೆಯಾಗಿದ್ದದ್ದು ಅಲ್ಲಿ ಬರಿಯ ಶಿಷ್ಟಾಚಾರವಾಗಿಬಿಡುತ್ತದೆ. ಕೈಮುಗಿದ ಚಿತ್ರಗಳು ನಿಜವಾದ ಭಕ್ತಿಯಂತೆ ಕಾಣುತ್ತವೆ. ಅದಾದ ಮೇಲೆ ‘ಬದುಕಿದಾನಾ’ ಎಂಬ ಮಾತು ಬಂದಾಗ ಓದುವವರು ಬೆಚ್ಚಿಬೀಳುತ್ತಾರೆ. ವಿನಯದಿಂದ ಆರಂಭಿಸಿದವನು ಇದೇಕೆ ಹೀಗೆ ಒರಟಾದ ಎನಿಸುತ್ತದೆ. ವಾಸ್ತವದಲ್ಲಿ ಅವನು ಎರಡು ಕಡೆಯೂ ಒಂದೇ ದನಿಯಲ್ಲಿ ಮಾತನಾಡಿದ್ದಾನೆ.

ಆದ್ದರಿಂದ ಅನುವಾದಕ್ಕೆ ಮೊದಲು, ಕೀಟಲೆ ಯಾವ ಯಾವ ಪದಗಳಲ್ಲಿ ಅಡಗಿದೆ ಎಂದು ಗುರುತಿಸಿಕೊಳ್ಳಬೇಕು. ಇಲ್ಲಿ ಅಂಥವು ಮೂರು. ಮೊದಲನೆಯದು ಏರಿಸಿಟ್ಟ ಮರ್ಯಾದೆ. ಇಂಗ್ಲಿಷಿನಲ್ಲಿ ಸರ್ವನಾಮದಿಂದ ಅದನ್ನು ತರಲಾಗದು, ಬಿರುದಿನಿಂದ ತರಬಹುದು. ‘ರೆವರೆಂಡ್’ ಎನ್ನದೆ, ಪೋಪ್ ಜಗದ್ಗುರುಗಳಿಗೆ ಸಲ್ಲುವ ‘ಯುವರ್ ಹೋಲಿನೆಸ್’ ಎಂದರೆ ಅತಿಶಯವು ತಾನಾಗಿ ಹೊಳೆಯುತ್ತದೆ. ಎರಡನೆಯದು ‘ಮೀಟಿಂಗಂತೆ’ ಎಂಬುದರ ಬಾಲದಲ್ಲಿರುವ ‘ಅಂತೆ’. ಅದು ಕೇಳಿದ ಸುದ್ದಿ ಎಂಬುದರ ಜೊತೆಗೆ ‘ನಾನಂತೂ ಪೂರ್ತಿ ನಂಬಿಲ್ಲ’ ಎಂಬುದನ್ನೂ ಹೇಳುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ‘ಸೋ ಐ ಆಮ್ ಟೋಲ್ಡ್’ ಎಂದು ಸೇರಿಸಿದರೆ ಹೆಚ್ಚುಕಡಿಮೆ ಅದೇ ತೂಕ ಬರುತ್ತದೆ. ಮೂರನೆಯದು ‘ಪಾಪ’. ಅದನ್ನು ‘ಪೂರ್ ಫೆಲೋ’ ಎನ್ನಬಹುದು. ಮೊದಲೆರಡು ಸರಿಯಾಗಿ ಬಂದಿದ್ದರೆ ಮಾತ್ರ ಅದರ ಹುಸಿ ಕನಿಕರ ತಿಳಿಯುತ್ತದೆ, ಇಲ್ಲದಿದ್ದರೆ ನಿಜವಾದ ಮರುಕವೆಂದೇ ಕಾಣುತ್ತದೆ.

ಇಷ್ಟಾದ ಮೇಲೂ ಮುಖ್ಯವಾದ ಪ್ರಶ್ನೆ ಉಳಿಯುತ್ತದೆ: ಇದು ಬರಿಯ ತಮಾಷೆಯೋ, ನೋವೋ? ಅನುವಾದಿಸುವವನು ಇದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು, ಏಕೆಂದರೆ ಆಲಿಸುವವರು ಅವನ ಮುಖವನ್ನು ನೋಡಿಯೇ ಅರ್ಥಮಾಡಿಕೊಳ್ಳುತ್ತಾರೆ. ನಾನು ನೋಡುವ ಗುರುತು ಕೊನೆಯ ಸಾಲು. ಗೆಳೆಯ ‘ತಾವು’ ಎಂದು ಆರಂಭಿಸಿ ‘ಬರ್ತೀಯೋ’ ಎಂಬ ಏಕವಚನಕ್ಕೆ ಇಳಿದು, ‘ಮಾರಾಯ’ ಎಂದು ಸೇರಿಸಿದ್ದಾನೆ. ಅಂದರೆ ಏರಿಸಿದ ಮಣೆಯನ್ನು ತಾನೇ ಇಳಿಸಿ, ಪಕ್ಕದಲ್ಲಿ ಕುಳಿತುಕೊಳ್ಳಲು ಜಾಗ ಕೊಟ್ಟಿದ್ದಾನೆ. ನಿಜವಾಗಿ ಮುನಿದವರ ಬಹುವಚನ ಹೀಗೆ ಕೆಳಗಿಳಿಯುವುದಿಲ್ಲ. ಅವರ ಸಂದೇಶ ಚಿಕ್ಕದಾಗುತ್ತದೆ, ‘ಮಾರಾಯ’, ‘ಕಣೋ’ ಎಂಬ ಪದಗಳು ಮಾಯವಾಗುತ್ತವೆ, ಉತ್ತರಕ್ಕೆ ಎಡೆಕೊಡುವ ಪ್ರಶ್ನೆಯೂ ಇರುವುದಿಲ್ಲ.

ಹಾಗೆಂದು ಇದು ತಮಾಷೆ ಮಾತ್ರವೂ ಅಲ್ಲ. ಆ ತಾಯಿಗೆ ಎಂಬತ್ತು ದಾಟಿದೆ. ನಾನು ಗುರುವಿದ್ಯಾಮಂದಿರಕ್ಕೆ ಹೊರಟ ದಿನ ಉಪ್ಪಿನಕಾಯಿಯ ಭರಣಿ ಕಟ್ಟಿಕೊಟ್ಟವರು ಆಕೆ. ಅವರಿಗೆ ಈಗ ನಡೆದಾಡುವುದು ಕಷ್ಟವೆಂದು ಗೆಳೆಯ ಎಲ್ಲಿಯೂ ಬರೆದಿಲ್ಲ. ‘ಅಮ್ಮನಿಗೆ ವಯಸ್ಸಾಯಿತು, ಬೇಗ ಬಾ’ ಎಂದು ನೇರವಾಗಿ ಬರೆಯಲು ನಮ್ಮ ಕಡೆಯ ಗಂಡಸರಿಗೆ ಸಂಕೋಚ. ಆ ಮಾತನ್ನು ಅವನು ವೀಸಾದ ಹಿಂದೆಯೂ ಅಪ್ಪೆಹುಳಿಯ ಹಿಂದೆಯೂ ಬಚ್ಚಿಟ್ಟಿದ್ದಾನೆ. ‘ಹೀ ಈಸ್ ಜಸ್ಟ್ ಜೋಕಿಂಗ್’ ಎಂದು ನಾನು ಹೇಳಿಬಿಟ್ಟರೆ ನಗು ಉಳಿದು ಕರೆ ಕಳೆದುಹೋಗುತ್ತದೆ. ‘ಬೇಸರಗೊಂಡಿದ್ದಾನೆ’ ಎಂದಷ್ಟೇ ಹೇಳಿದರೆ ಕರೆ ಉಳಿದು ಸ್ನೇಹ ಕಳೆದುಹೋಗುತ್ತದೆ.

ಇಲ್ಲಿ ಸಂತ ಪೌಲರ ಒಂದು ಮಾತು ದಾರಿ ತೋರುತ್ತದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 12ನೆಯ ಅಧ್ಯಾಯದಲ್ಲಿ ಅವರು, ತಾನು ಆ ಸಭೆಗೆ ಹೊರೆಯಾಗಲಿಲ್ಲ ಎಂದು ಹೇಳಿ, ಆ ‘ಅನ್ಯಾಯ’ಕ್ಕಾಗಿ ಕ್ಷಮೆ ಕೋರುತ್ತಾರೆ. ಅದು ಕ್ಷಮಾಯಾಚನೆಯಲ್ಲ, ಪ್ರೀತಿ ಬೆರೆತ ಕುಟುಕು. ಹಿಂದಿನ ಸಾಲುಗಳನ್ನು ಓದಿದವರಿಗೆ ಯಾವ ಭಾಷೆಯಲ್ಲಾದರೂ ಅದು ತಿಳಿಯುತ್ತದೆ, ಆ ವಾಕ್ಯವನ್ನು ಮಾತ್ರ ಕಿತ್ತು ಕೊಟ್ಟರೆ ತಿಳಿಯದು. ಅಂದರೆ ವ್ಯಂಗ್ಯವನ್ನು ದಾಟಿಸಬೇಕಾದರೆ ಅದರ ಹಿನ್ನೆಲೆಯನ್ನೂ ಜೊತೆಗೇ ದಾಟಿಸಬೇಕು.

ನಾನು ಮಾಡಿದ್ದೂ ಅಷ್ಟೇ. ಸಂದೇಶವನ್ನು ಓದಿಹೇಳುವ ಮುನ್ನ, ಇವನು ನನ್ನನ್ನು ಬಾಲ್ಯದಿಂದಲೂ ಏಕವಚನದಲ್ಲಿ ಕರೆಯುವವನು, ಇಲ್ಲಿ ಬೇಕೆಂದೇ ಗೌರವವನ್ನು ಏರಿಸಿದ್ದಾನೆ ಎಂದು ಎರಡು ವಾಕ್ಯಗಳಲ್ಲಿ ತಿಳಿಸಿದೆ. ಬಳಿಕ ‘ಯುವರ್ ಹೋಲಿನೆಸ್’ನಿಂದ ಆರಂಭಿಸಿ ಸಂದೇಶವನ್ನು ಪೂರ್ತಿಯಾಗಿ ಹೇಳಿದೆ. ‘ಹೊಸ ಸಾಹೇಬರು’ ಎಂಬ ಮಾತು ಅವರನ್ನೇ ಕುರಿತದ್ದಾದರೂ ಮುಚ್ಚಿಡಲಿಲ್ಲ. ನಮ್ಮಲ್ಲಿ ಪರಕೀಯರನ್ನು ಕೀಟಲೆ ಮಾಡುವುದಿಲ್ಲ, ಮಾಡಿದರೆ ಮನೆಯೊಳಕ್ಕೆ ಸೇರಿಸಿಕೊಂಡಂತೆ ಎಂದು ವಿವರಿಸಿದೆ. ಅಪ್ಪೆಹುಳಿಗೆ ಇಂಗ್ಲಿಷ್ ಹೆಸರು ಹುಡುಕದೆ, ಮಾವಿನಕಾಯಿಯಿಂದ ಮಾಡುವ ಹುಳಿಖಾರದ ತಿಳಿಸಾರು ಎಂದೆ. ಕೊನೆಗೆ, ಸಂದೇಶದಲ್ಲಿ ಇಲ್ಲದ ತಾಯಿಯ ವಿಷಯವನ್ನು ‘ಇದು ಅವನು ಬರೆದದ್ದಲ್ಲ, ನನಗೆ ತಿಳಿದಿರುವುದು’ ಎಂದು ಬೇರ್ಪಡಿಸಿಯೇ ಹೇಳಿದೆ. ನಮ್ಮ ಊಹೆಯನ್ನು ಗೆಳೆಯನ ಮಾತೆಂದು ತೋರಿಸುವುದು ಅನುವಾದವಲ್ಲ.

ಅನುವಾದ ಮುಟ್ಟಿತೋ ಇಲ್ಲವೋ ಎಂಬುದು ಆಲಿಸಿದವರ ಮೊದಲ ಪ್ರಶ್ನೆಯಿಂದ ತಿಳಿಯುತ್ತದೆ. ‘ಅವರಿಗೆ ಕೋಪ ಬಂದಿದೆಯೇ?’ ಎಂದು ಕೇಳಿದರೆ ದನಿ ಹೆಚ್ಚು ಗಡುಸಾಗಿದೆ. ನಕ್ಕು ಸುಮ್ಮನಾದರೆ ಮುಖ್ಯವಾದದ್ದು ಜಾರಿಹೋಗಿದೆ. ಕಿರಿಯ ಗುರುಗಳು ನಕ್ಕರು, ಆಮೇಲೆ ‘ತಾಯಿಗೆ ಈಗ ಎಷ್ಟು ವಯಸ್ಸು?’ ಎಂದು ಕೇಳಿದರು. ಶುಕ್ರವಾರದ ಒಂದು ಕೆಲಸವನ್ನು ಅಳಿಸಿ ಅಲ್ಲಿ ಸೊರಬ ಎಂದು ಬರೆದರು, ಕನ್ನಡದ ಅಕ್ಷರಗಳಲ್ಲಿಯೇ.